ಉಯಿಲಿನ ಕರಡು: ಸಹಿಗೆ ಮುಂಚೆ ನೋಡಬೇಕಾದದ್ದು

ಉಯಿಲು ಬರೆಯುವವರಿಂದ ನಮ್ಮ ಕಾನೂನು ಕೇಳುವುದು ತೀರ ಕಡಿಮೆ. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ವಕೀಲರ ಭಾಷೆಯೂ ಬೇಕಿಲ್ಲ. ಬರೆದವರ ಇಚ್ಛೆ ತಿಳಿದರೆ ಸಾಕು, ಪಾರಿಭಾಷಿಕ ಪದಗಳ ಅಗತ್ಯವಿಲ್ಲ ಎಂದು 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 74ನೇ ಕಲಂ ಹೇಳುತ್ತದೆ. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಬಿಳಿ ಹಾಳೆಯ ಮೇಲಿನ ನಾಲ್ಕು ಸಾಲೂ ಉಯಿಲೇ. ಆದರೆ ಅದೇ ಕಾಗದ ಹತ್ತು ವರ್ಷದ ನಂತರ ಬ್ಯಾಂಕಿನ ಮ್ಯಾನೇಜರರ ಮೇಜಿಗೋ ತಾಲ್ಲೂಕು ಕಚೇರಿಗೋ ಸಿವಿಲ್ ನ್ಯಾಯಾಲಯಕ್ಕೋ ಬಂದಾಗ ಕೇಳುವ ಪ್ರಶ್ನೆಗಳು ಬಹಳ. ಉತ್ತರ ಹೇಳಬೇಕಾದವರು ಆಗ ಇರುವುದಿಲ್ಲ. ಕರಡನ್ನು ಪರಿಶೀಲಿಸುವುದು ಎಂದರೆ ಆ ಪ್ರಶ್ನೆಗಳನ್ನು ಬರೆದವರು ಬದುಕಿರುವಾಗಲೇ ಕೇಳಿ ಮುಗಿಸುವುದು.

ಈ ಲೇಖನ ಹಿಂದೂಗಳ ಉಯಿಲಿಗೆ ಸೀಮಿತ. ಬೌದ್ಧರು, ಜೈನರು, ಸಿಖ್ಖರಿಗೂ ಇದೇ ನಿಯಮಗಳು ಅನ್ವಯಿಸುತ್ತವೆ. ಮುಸ್ಲಿಮರ ಉಯಿಲಿಗೆ ಅವರದೇ ವೈಯಕ್ತಿಕ ಕಾನೂನಿದೆ. ಕ್ರೈಸ್ತರ ವಿಷಯದಲ್ಲಿ ಒಂದು ಮುಖ್ಯ ವ್ಯತ್ಯಾಸವಿದ್ದು, ಅದನ್ನು ಸಾಕ್ಷಿಗಳ ಮಾತು ಬಂದಾಗ ಹೇಳುತ್ತೇನೆ.

ವಿಷಯ ಸ್ಪಷ್ಟವಾಗಲು ಒಂದು ಕಲ್ಪಿತ ಕರಡನ್ನು ಮುಂದಿಟ್ಟುಕೊಳ್ಳೋಣ. ತುಮಕೂರಿನ ನಿವೃತ್ತ ಶಿಕ್ಷಕರೊಬ್ಬರು ಬರೆದದ್ದು ಎಂದಿಟ್ಟುಕೊಳ್ಳಿ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಆಸ್ತಿಯೆಲ್ಲ ಸ್ವಯಾರ್ಜಿತ: ಒಂದು ಮನೆ, ಎರಡು ಸೈಟು, 2 ಎಕರೆ 10 ಗುಂಟೆ ಜಮೀನು, ಬ್ಯಾಂಕಿನಲ್ಲಿ ಠೇವಣಿ, ಸ್ವಲ್ಪ ಚಿನ್ನ. ಪಿತ್ರಾರ್ಜಿತ ಆಸ್ತಿಯಾಗಿದ್ದರೆ ಮೊದಲ ಪ್ರಶ್ನೆಯೇ ಬೇರೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತನ್ನ ಪಾಲನ್ನು ಮಾತ್ರ ಉಯಿಲಿನಲ್ಲಿ ಕೊಡಬಹುದು, ಮಕ್ಕಳ ಹುಟ್ಟಿನಿಂದ ಬಂದ ಹಕ್ಕನ್ನು ಕೊಡಲು ಬರುವುದಿಲ್ಲ. ಆದ್ದರಿಂದ ಪ್ರತಿ ಸ್ವತ್ತಿನ ಪಕ್ಕದಲ್ಲಿ ಅದು ತಮಗೆ ಹೇಗೆ ಬಂತು, ಯಾವ ಕ್ರಯಪತ್ರದಿಂದ ಬಂತು ಎಂದು ಬರೆಯಿಸುವುದು ಪರಿಶೀಲನೆಯ ಮೊದಲ ಕೆಲಸ.

ಕರಡಿನ ಮೊದಲ ವಾಕ್ಯ ಹೀಗಿದೆ: “ತುಮಕೂರಿನ ನನ್ನ ಸೈಟು ನನ್ನ ಹೆಸರಿಟ್ಟ ಮೊಮ್ಮಗನಿಗೆ ಸೇರತಕ್ಕದ್ದು.” ಓದಲು ಸರಳವಾದ ವಾಕ್ಯ. ಆದರೆ ಸೈಟುಗಳು ಎರಡಿವೆ. ನಮ್ಮ ಮನೆಗಳಲ್ಲಿ ಇಬ್ಬರು ಗಂಡುಮಕ್ಕಳೂ ತಮ್ಮ ತಮ್ಮ ಮಗನಿಗೆ ಅಜ್ಜನ ಹೆಸರನ್ನೇ ಇಡುವುದು ಸಾಮಾನ್ಯ. ಹಾಗಾಗಿ ಆ ಹೆಸರಿನ ಮೊಮ್ಮಕ್ಕಳೂ ಇಬ್ಬರು. ಕಾಗದ ಓದಿದರೆ ದೋಷ ಕಾಣುವುದಿಲ್ಲ, ಸಂಸಾರವನ್ನು ಬಲ್ಲವರಿಗೆ ಮಾತ್ರ ಕಾಣುತ್ತದೆ. ಇಂಥ ಅಡಗಿದ ಗೊಂದಲಕ್ಕೆ ಕಾನೂನು ಒಂದು ಬಾಗಿಲು ತೆರೆದಿಟ್ಟಿದೆ. 80ನೇ ಕಲಮಿನಂತೆ, ಸ್ಪಷ್ಟವಾಗಿರುವ ಪದಗಳು ಒಂದಕ್ಕಿಂತ ಹೆಚ್ಚು ವ್ಯಕ್ತಿಗೋ ಸ್ವತ್ತಿಗೋ ಹೊಂದುತ್ತವೆ ಎಂದು ಹೊರಗಿನ ಸಂಗತಿಗಳಿಂದ ತಿಳಿದಾಗ, ಬರೆದವರ ಮನಸ್ಸಿನಲ್ಲಿದ್ದದ್ದು ಯಾವುದು ಎಂಬುದಕ್ಕೆ ಹೊರಗಿನ ಸಾಕ್ಷ್ಯ ಕೊಡಬಹುದು. ಒಂದೇ ಹೆಸರಿನ ಎರಡು ಎಸ್ಟೇಟುಗಳಿದ್ದರೆ ಎಂಬ ಉದಾಹರಣೆಯನ್ನು ಅಧಿನಿಯಮವೇ ಕೊಡುತ್ತದೆ.

ಇನ್ನೊಂದು ವಾಕ್ಯ ನೋಡಿ: “ನಮ್ಮೂರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ........ ರೂಪಾಯಿ.” ಮೊತ್ತವನ್ನು ಆಮೇಲೆ ತುಂಬೋಣ ಎಂದು ಬಿಟ್ಟ ಜಾಗ ಅದು. ಇದು ಕಾಗದದ ಮೇಲೆಯೇ ಕಾಣುವ ಗೊಂದಲ. ಇಲ್ಲಿ ಬಾಗಿಲು ಮುಚ್ಚಿದೆ. 81ನೇ ಕಲಮಿನಂತೆ ಇಂಥ ಕೊರತೆಯನ್ನು ತುಂಬಲು ಹೊರಗಿನ ಸಾಕ್ಷ್ಯ ತರುವಂತಿಲ್ಲ. “ಐವತ್ತು ಸಾವಿರ ಅಂತ ನನ್ನ ಎದುರಿಗೇ ಹೇಳಿದ್ದರು” ಎಂದು ಹೆಂಡತಿ ಪ್ರಮಾಣ ಮಾಡಿದರೂ ಪ್ರಯೋಜನವಿಲ್ಲ. ಕರಡು ಓದುವವರು ಈ ಎರಡರ ನಡುವಿನ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮೊದಲನೆಯ ತರಹದ ದೋಷ ಮನೆಯವರನ್ನು ವರ್ಷಗಟ್ಟಲೆ ಕೋರ್ಟಿಗೆ ಅಲೆಸುತ್ತದೆ, ಆದರೂ ಇಚ್ಛೆ ಉಳಿಯಬಹುದು. ಎರಡನೆಯದು ಆ ಇಚ್ಛೆಯನ್ನೇ ಅಳಿಸಿಹಾಕುತ್ತದೆ. ಆದ್ದರಿಂದ ಖಾಲಿ ಜಾಗ, ಹೆಸರಿಲ್ಲದ ಫಲಾನುಭವಿ, ‘ಷೆಡ್ಯೂಲಿನಲ್ಲಿ ಕಾಣಿಸಿದಂತೆ’ ಎಂದು ಬರೆದು ಲಗತ್ತಿಸದೇ ಹೋದ ಷೆಡ್ಯೂಲು, ಈ ಮೂರನ್ನೂ ಮೊದಲ ಓದಿನಲ್ಲೇ ಹುಡುಕಿ ತೆಗೆಯಬೇಕು.

“ನನ್ನ ಒಡವೆಗಳಲ್ಲಿ ಮಗಳಿಗೆ ಸೂಕ್ತ ಪಾಲು” ಎಂಬ ವಾಕ್ಯವೂ ಇದೇ ಕಡೆಗೆ ಸೇರುತ್ತದೆ. ಸೂಕ್ತ ಎಂದರೆ ಎಷ್ಟು ಎನ್ನುವುದಕ್ಕೆ ಅಳತೆಯಿಲ್ಲ. ನಿಶ್ಚಿತ ಅರ್ಥ ಹೊರಡಿಸದ ಉಯಿಲು ಅನಿಶ್ಚಿತತೆಯ ಕಾರಣದಿಂದ ಶೂನ್ಯ ಎಂದು 89ನೇ ಕಲಂ ಹೇಳುತ್ತದೆ. ಎಷ್ಟೆಂದು ಹೇಳದೆ ಹಣವನ್ನೋ ಗೋಧಿಯನ್ನೋ ಎಣ್ಣೆಯನ್ನೋ ಬಿಟ್ಟುಹೋಗುವುದು ಅದರ ಉದಾಹರಣೆ. ಒಡವೆಯ ವಿಷಯದಲ್ಲಿ ಇನ್ನೊಂದನ್ನೂ ಕೇಳಬೇಕು: ಅದು ಯಾರದ್ದು? ಹೆಂಡತಿಗೆ ತವರಿನಿಂದ ಬಂದದ್ದು, ಮದುವೆಯಲ್ಲಿ ಕೊಟ್ಟದ್ದು ಅವರ ಸ್ತ್ರೀಧನ. ಗಂಡನ ಉಯಿಲಿನಲ್ಲಿ ಅದಕ್ಕೆ ಜಾಗವಿಲ್ಲ.

ನನ್ನ ಅನುಭವದಲ್ಲಿ ಅತಿ ಹೆಚ್ಚು ಜಗಳಕ್ಕೆ ದಾರಿ ಮಾಡಿಕೊಡುವ ವಾಕ್ಯ ಮನೆಗೆ ಸಂಬಂಧಿಸಿದ್ದು. “ವಾಸದ ಮನೆಯು ನನ್ನ ಹೆಂಡತಿಗೆ ಸರ್ವಸ್ವತಂತ್ರವಾಗಿ ಸೇರತಕ್ಕದ್ದು. ಆಕೆಯ ನಂತರ ಚಿಕ್ಕ ಮಗನಿಗೆ ಸೇರತಕ್ಕದ್ದು.” ಪ್ರೀತಿಯಿಂದ ಬರೆದದ್ದು, ಇಬ್ಬರ ಹಿತವನ್ನೂ ಬಯಸಿ ಬರೆದದ್ದು. ಆದರೆ ಎರಡು ವಾಕ್ಯಗಳು ಒಂದರೊಡನೊಂದು ನಿಲ್ಲುವುದಿಲ್ಲ. ಸರ್ವಸ್ವತಂತ್ರ ಎಂದರೆ ಆಕೆ ಮಾರಬಹುದು, ಮಗಳಿಗೆ ದಾನ ಕೊಡಬಹುದು, ತಾನೇ ಉಯಿಲು ಬರೆಯಬಹುದು. ‘ಆಕೆಯ ನಂತರ ಮಗನಿಗೆ’ ಎಂದರೆ ಆಕೆಗೆ ಜೀವಮಾನದ ಅನುಭೋಗ ಮಾತ್ರ. ಉಯಿಲನ್ನು ಇಡಿಯಾಗಿ ಓದಿ ಹೊಂದಿಸಲು ನ್ಯಾಯಾಲಯ ಮೊದಲು ಪ್ರಯತ್ನಿಸುತ್ತದೆ. ಎಷ್ಟು ಮಾಡಿದರೂ ಹೊಂದದಿದ್ದರೆ 88ನೇ ಕಲಮಿನಂತೆ ಕೊನೆಯ ವಾಕ್ಯ ಗೆಲ್ಲುತ್ತದೆ. ಹಾಗೆಂದು ಜೀವಮಾನದ ಹಕ್ಕು ಎಂದು ಬರೆದೊಡನೆ ಎಲ್ಲ ಸರಿಹೋಗುವುದೂ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 14ನೇ ಕಲಂ ಇಲ್ಲಿ ಅಡ್ಡ ಬರುತ್ತದೆ. ಹೆಂಡತಿಗೆ ಮೊದಲೇ ಇದ್ದ ಜೀವನಾಂಶದ ಹಕ್ಕಿಗೆ ಬದಲಾಗಿ ಕೊಟ್ಟ ಆಸ್ತಿ, ಷರತ್ತು ಹಾಕಿದ್ದರೂ, ಆಕೆಯ ಪೂರ್ಣ ಸ್ವತ್ತಾಗುತ್ತದೆ ಎಂದು 1977ರ ತುಳಸಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಉಯಿಲಿನಿಂದಲೇ ಮೊದಲ ಬಾರಿಗೆ ಹುಟ್ಟಿದ ಸೀಮಿತ ಹಕ್ಕು ಸೀಮಿತವಾಗಿಯೇ ಉಳಿಯುತ್ತದೆ ಎನ್ನುವ ತೀರ್ಪುಗಳೂ ಇವೆ. ಈ ಭಿನ್ನತೆಯನ್ನು ಬಗೆಹರಿಸಲು 2024ರ ಡಿಸೆಂಬರಿನಲ್ಲಿ ದ್ವಿಸದಸ್ಯ ಪೀಠವೊಂದು ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. ಆದ್ದರಿಂದ ಕರಡಿನಲ್ಲಿ ‘ಹೆಂಡತಿಯ ಜೀವನಾಂಶಕ್ಕಾಗಿ’ ಎಂಬ ಪದಗಳಿದ್ದರೆ ಅಲ್ಲೇ ನಿಂತು, ಬರೆದವರನ್ನು ನೇರವಾಗಿ ಕೇಳಬೇಕು: ನಿಮ್ಮ ಹೆಂಡತಿ ಈ ಮನೆಯನ್ನು ಮಾರಬಹುದೇ, ಬೇಡವೇ? ಮಾರಬಹುದು ಎಂದರೆ ‘ನಂತರ ಮಗನಿಗೆ’ ಎಂಬ ಸಾಲನ್ನು ಹೊಡೆದುಹಾಕಿ. ಬೇಡ ಎಂದರೆ ‘ಸರ್ವಸ್ವತಂತ್ರ’ವನ್ನು ತೆಗೆದು, ವಾಸಿಸುವ ಮತ್ತು ಬಾಡಿಗೆ ಪಡೆಯುವ ಹಕ್ಕು ಆಕೆಯ ಜೀವಮಾನದವರೆಗೆ, ಪರಭಾರೆ ಮಾಡುವ ಹಕ್ಕು ಇಲ್ಲ, ಕಂದಾಯ ಮತ್ತು ರಿಪೇರಿ ಇಂಥವರ ಜವಾಬ್ದಾರಿ ಎಂದು ಬಿಡಿಸಿ ಬರೆಯಿರಿ. ಆಕೆಯ ಜೀವನೋಪಾಯಕ್ಕೆ ಬೇರೆ ಹಣವನ್ನು ಪ್ರತ್ಯೇಕವಾಗಿ ಕೊಡುವುದು ಒಳ್ಳೆಯದು.

ಜಮೀನಿನ ವಾಕ್ಯ: “ಪೂರ್ವದ ಕಡೆಯದು ದೊಡ್ಡವನಿಗೆ, ಪಶ್ಚಿಮದ ಕಡೆಯದು ಚಿಕ್ಕವನಿಗೆ.” ಗೆರೆ ಎಲ್ಲಿ? 2 ಎಕರೆ 10 ಗುಂಟೆ ಎಂದರೆ 90 ಗುಂಟೆ. ಸಮಪಾಲಾದರೆ ತಲಾ 45 ಗುಂಟೆ. ಕೊಳವೆಬಾವಿ ಪಶ್ಚಿಮದಲ್ಲಿದ್ದರೆ ಪೂರ್ವದವನಿಗೆ ನೀರಿಲ್ಲ. ರಸ್ತೆ ಪೂರ್ವಕ್ಕಿದ್ದರೆ ಪಶ್ಚಿಮದವನ ಗಾಡಿಗೆ ದಾರಿಯಿಲ್ಲ. ಸರ್ವೆ ನಂಬರು, ಹಿಸ್ಸಾ, ಪಹಣಿಯಲ್ಲಿರುವ ವಿಸ್ತೀರ್ಣ, ನಾಲ್ಕೂ ದಿಕ್ಕಿನ ಚೆಕ್ಕುಬಂದಿ, ಭಾಗದ ಗೆರೆ ತೋರಿಸುವ ನಕ್ಷೆ, ನೀರು ಮತ್ತು ದಾರಿಯ ಹಕ್ಕು ಇಷ್ಟೂ ಷೆಡ್ಯೂಲಿನಲ್ಲಿ ಬರಬೇಕು. ಗುರುತುಗಳು ಹೆಚ್ಚಿದಷ್ಟೂ ಕ್ಷೇಮ, ಏಕೆಂದರೆ ಸ್ವತ್ತು ಯಾವುದೆಂದು ಉಳಿದ ವಿವರಗಳಿಂದ ಗೊತ್ತಾಗುವುದಾದರೆ ತಪ್ಪಾದ ಒಂದು ವಿವರವನ್ನು ನ್ಯಾಯಾಲಯ ಬದಿಗಿಡಬಹುದು. ಸರ್ವೆ ನಂಬರೊಂದನ್ನೇ ಬರೆದು ಅದರಲ್ಲೇ ಅಂಕಿ ತಪ್ಪಿದರೆ ಆಸರೆಗೆ ಬೇರೇನೂ ಇರುವುದಿಲ್ಲ.

ಠೇವಣಿಯಲ್ಲಿ ಇದು ತಿರುಗುಮುರುಗು. “ಇಂಥ ಸಂಖ್ಯೆಯ ಠೇವಣಿ ಮಗಳಿಗೆ” ಎಂದು ರಸೀದಿಯ ಸಂಖ್ಯೆಗೆ ಕಟ್ಟಿಹಾಕಿದರೆ ಅಪಾಯ. ಹೆಸರಿಸಿ ಕೊಟ್ಟ ಸ್ವತ್ತು ಮರಣದ ವೇಳೆಗೆ ಬರೆದವರ ಬಳಿ ಇಲ್ಲದಿದ್ದರೆ, ಅಥವಾ ಬೇರೆ ಬಗೆಯ ಸ್ವತ್ತಾಗಿ ಮಾರ್ಪಟ್ಟಿದ್ದರೆ, ಆ ದಾನ ಇಲ್ಲವಾಗುತ್ತದೆ ಎಂಬುದು 152ನೇ ಕಲಂ. ಅವಧಿ ಮುಗಿದ ಠೇವಣಿಯನ್ನು ತೆಗೆದು ಮನೆ ರಿಪೇರಿಗೆ ಹಾಕಿದರೆ ಮಗಳಿಗೆ ಉಳಿಯುವುದು ಬರೀ ಸಂಖ್ಯೆ. ಅದರ ಬದಲು “ನನ್ನ ಮರಣಕಾಲದಲ್ಲಿ ಯಾವುದೇ ಬ್ಯಾಂಕಿನಲ್ಲಿ ನನ್ನ ಹೆಸರಿನಲ್ಲಿರುವ ಎಲ್ಲ ಠೇವಣಿ ಮತ್ತು ಉಳಿತಾಯ ಹಣದಿಂದ ಮೊದಲು 5 ಲಕ್ಷ ರೂಪಾಯಿ ಮಗಳಿಗೆ, ಮಿಕ್ಕದ್ದು ಹೆಂಡತಿಗೆ” ಎಂದರೆ ಆ ತೊಡಕಿಲ್ಲ. ಠೇವಣಿಗೆ ದೊಡ್ಡ ಮಗ ನಾಮಿನಿ ಎಂದಿದ್ದರೆ ಅದನ್ನೂ ಬದಲಿಸಿ ಒಂದೇ ದಾರಿಗೆ ತರಬೇಕು. ನಾಮಿನಿ ಹಣ ಪಡೆದುಕೊಳ್ಳುವವನೇ ಹೊರತು ಒಡೆಯನಲ್ಲ ಎಂದು ನ್ಯಾಯಾಲಯಗಳು ಹೇಳುತ್ತ ಬಂದಿದ್ದರೂ, ಹಣ ಮೊದಲು ಹೋಗುವುದು ಅವನ ಕೈಗೇ.

ಕೊನೆಗೆ, ಯಾವ ಕಲಮಿನಲ್ಲೂ ಬಾರದೆ ಉಳಿದ ಸ್ವತ್ತು ಯಾರಿಗೆ ಎಂಬ ಸಾಲು ಈ ಕರಡಿನಲ್ಲಿಲ್ಲ. ಆ ಸಾಲಿಲ್ಲದಿದ್ದರೆ ಎರಡನೇ ಸೈಟು ಉಯಿಲೇ ಇಲ್ಲದಂತೆ ವಾರಸುದಾರರೆಲ್ಲರಿಗೂ ಹಂಚಿಹೋಗುತ್ತದೆ.

ಇನ್ನು ಸಾಕ್ಷಿಗಳು. ಕರಡಿನ ಕೊನೆಯಲ್ಲಿ ‘ಸಾಕ್ಷಿಗಳು: 1, 2’ ಎಂದು ಎರಡು ಗೆರೆ ಎಳೆದಿದೆ, ಅಷ್ಟೇ. ಸಾಕ್ಷಿಯ ವಿಳಾಸ, ವಯಸ್ಸು, ತಂದೆಯ ಹೆಸರು ಬೇಕೆಂದು 63ನೇ ಕಲಂ ಕೇಳುವುದಿಲ್ಲ. ಅದು ಕೇಳುವುದು ಇಷ್ಟು: ಬರೆದವರು ಸಹಿ ಹಾಕಿದ್ದನ್ನು ಇಬ್ಬರೂ ಕಂಡಿರಬೇಕು, ಇಲ್ಲವೇ “ಇದು ನನ್ನ ಸಹಿ” ಎಂದು ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಪ್ರತಿ ಸಾಕ್ಷಿಯೂ ಬರೆದವರ ಎದುರಿನಲ್ಲಿ ಸಹಿ ಮಾಡಬೇಕು. ಇಬ್ಬರು ಸಾಕ್ಷಿಗಳೂ ಒಂದೇ ಹೊತ್ತಿನಲ್ಲಿ ಇರಬೇಕಾಗಿಲ್ಲ. ಹಾಗಾದರೆ ವಿಳಾಸದ ಗೊಡವೆ ಏಕೆ? ಸಹಿಯ ದಿನಕ್ಕೆ ಅದು ಬೇಕಿಲ್ಲ, ರುಜುವಾತಿನ ದಿನಕ್ಕೆ ಬೇಕು. ಸಾಕ್ಷಿ ಬದುಕಿದ್ದು ಕೋರ್ಟಿಗೆ ಬರಬಲ್ಲವರಾಗಿದ್ದರೆ ಕನಿಷ್ಠ ಒಬ್ಬರನ್ನು ಕರೆಸಿ ವಿಚಾರಿಸದೆ ಉಯಿಲನ್ನು ಪುರಾವೆಯಾಗಿ ಬಳಸುವಂತಿಲ್ಲ. ಹಿಂದೆ 1872ರ ಸಾಕ್ಷ್ಯ ಅಧಿನಿಯಮದ 68ನೇ ಕಲಮಿನಲ್ಲಿದ್ದ ಈ ನಿಯಮ ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೇ ಕಲಮಿನಲ್ಲಿದೆ. ನೋಂದಣಿಯಾದ ಉಯಿಲಿಗೂ ಇದರಿಂದ ವಿನಾಯಿತಿಯಿಲ್ಲ. ರಿಜಿಸ್ಟರ್ ಆಗಿದೆಯಲ್ಲ ಎಂದು ಮನೆಯವರು ನಿಶ್ಚಿಂತೆಯಿಂದ ಇದ್ದುಬಿಡುವುದು ಇಲ್ಲಿಯೇ.

‘ರಾಮಣ್ಣ’ ಎಂದು ಗೀಚಿದ ಒಂದು ಸಹಿಯನ್ನು ಹಿಡಿದುಕೊಂಡು ಹದಿನೈದು ವರ್ಷದ ಮೇಲೆ ಆ ವ್ಯಕ್ತಿಯನ್ನು ಹುಡುಕುವುದು ಹೇಗೆ? ಆದ್ದರಿಂದ ಪೂರ್ಣ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಉದ್ಯೋಗ, ಕಾಯಂ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಸಹಿಯ ಕೆಳಗೆ ಅವರ ಕೈಯಿಂದಲೇ ಬರೆಸಿಕೊಳ್ಳುವುದು ಒಳ್ಳೆಯದು. ಕೈಬರಹಕ್ಕೆ ಇನ್ನೊಂದು ಉಪಯೋಗವಿದೆ. ಇಬ್ಬರು ಸಾಕ್ಷಿಗಳೂ ತೀರಿಕೊಂಡಿದ್ದರೆ, ಒಬ್ಬ ಸಾಕ್ಷಿಯ ಸಹಿ ಅವರದೇ ಕೈಬರಹ ಎಂದೂ ಬರೆದವರ ಸಹಿ ಅವರದೇ ಎಂದೂ ತೋರಿಸಬೇಕಾಗುತ್ತದೆ. ಎರಡಕ್ಷರದ ಸಹಿಗಿಂತ ನಾಲ್ಕು ಸಾಲಿನ ಬರಹವನ್ನು ಹೋಲಿಸಿ ನೋಡುವುದು ಸುಲಭ. ಬರೆದವರಿಗಿಂತ ಹಿರಿಯರಾದ ಗೆಳೆಯರನ್ನು ಸಾಕ್ಷಿ ಮಾಡುವುದು ನಮ್ಮಲ್ಲಿ ಗೌರವದ ರೂಢಿ. ಕಿರಿಯರಾದ, ಊರಲ್ಲೇ ಇರುವ, ಬರೆದವರನ್ನು ಚೆನ್ನಾಗಿ ಬಲ್ಲ ಇಬ್ಬರು ಅದಕ್ಕಿಂತ ಮೇಲು.

ಸಾಕ್ಷಿಗಳ ಸಹಿಯ ಮೇಲೆ ಒಂದು ಒಕ್ಕಣೆಯೂ ಬೇಕು: “ಉಯಿಲು ಬರೆದವರು ನಮ್ಮಿಬ್ಬರ ಎದುರಿನಲ್ಲಿ ಸಹಿ ಮಾಡಿದರು, ನಾವಿಬ್ಬರೂ ಅವರ ಎದುರಿನಲ್ಲಿ ಸಹಿ ಮಾಡಿದೆವು.” ಕಾನೂನು ಇದನ್ನು ಕಡ್ಡಾಯ ಮಾಡಿಲ್ಲ, ಆದರೆ 2003ರ ವರದಿಗಳಲ್ಲಿರುವ ಜಾನಕಿ ನಾರಾಯಣ ಭೋಯಿರ್ ಪ್ರಕರಣ ಓದಿದವರು ಇದನ್ನು ಬಿಡಲಾರರು. ಅಲ್ಲಿ ವಿಚಾರಿಸಿದ್ದು ಒಬ್ಬನೇ ಸಾಕ್ಷಿಯನ್ನು. ಅವರ ಹೇಳಿಕೆಯಿಂದ ಇನ್ನೊಬ್ಬ ಸಾಕ್ಷಿಯ ದೃಢೀಕರಣ ರುಜುವಾತಾಗಲಿಲ್ಲ, ಆ ಇನ್ನೊಬ್ಬರನ್ನು ಕರೆಸಲೂ ಇಲ್ಲ. ಉಯಿಲು ಸಾಬೀತಾಗಲಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಸಹಿ ಮಾಡಿಸಿದರೆ, ಮುಂದೆ ಯಾರೊಬ್ಬರು ಉಳಿದರೂ ಇನ್ನೊಬ್ಬರ ಪರವಾಗಿಯೂ ಹೇಳಬಲ್ಲರು. ಪತ್ರ ಬರೆದ ಬಿಕ್ಕಲಂನವರ ಸಹಿ, ಉಪನೋಂದಣಿ ಕಚೇರಿಯಲ್ಲಿ ಗುರುತಿಸಿದವರ ಸಹಿ ತಾವಾಗಿಯೇ ಸಾಕ್ಷಿಯ ಸಹಿಯಾಗುವುದಿಲ್ಲ ಎಂಬುದೂ ನೆನಪಿರಲಿ. ಸಾಕ್ಷಿಯಾಗುವ ಉದ್ದೇಶದಿಂದಲೇ ಸಹಿ ಹಾಕಿರಬೇಕು.

ಆಸ್ತಿ ಪಡೆಯುವ ಮಗನೇ ಸಾಕ್ಷಿಯಾಗಬಹುದೇ? ಕ್ರೈಸ್ತರ ಉಯಿಲಿನಲ್ಲಿ ಸಾಕ್ಷಿಗೆ ಅಥವಾ ಅವರ ಗಂಡ ಇಲ್ಲವೇ ಹೆಂಡತಿಗೆ ಕೊಟ್ಟದ್ದು 67ನೇ ಕಲಮಿನಂತೆ ಶೂನ್ಯ. ಹಿಂದೂಗಳ ಉಯಿಲಿಗೆ ಆ ಕಲಂ ಅನ್ವಯಿಸುವುದಿಲ್ಲ. ಆದರೂ ಬೇಡ ಎನ್ನುತ್ತೇನೆ. ಮೈಸೂರು ಸೀಮೆಯಿಂದ ಸುಪ್ರೀಂ ಕೋರ್ಟಿಗೆ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ಪ್ರಕರಣದ ತೀರ್ಪು 1959ರ ವರದಿಗಳಲ್ಲಿ ಬಂದ ಮೇಲೆ, ಉಯಿಲಿನಿಂದ ಲಾಭ ಪಡೆಯುವವರೇ ಅದನ್ನು ಬರೆಸುವುದರಲ್ಲಿ ಮುಂದಾಗಿದ್ದರೆ ಅದು ಸಂಶಯದ ಸನ್ನಿವೇಶ, ಆ ಸಂಶಯ ಕಳೆಯುವ ಹೊಣೆ ಉಯಿಲನ್ನು ಮಂಡಿಸಿದವರದ್ದು ಎಂಬುದು ಇಡೀ ದೇಶದ ನಿಯಮವಾಗಿದೆ.

ವಾಕ್ಯಗಳು, ಸಾಕ್ಷಿಗಳು ಆದ ಮೇಲೆ ನೋಡಬೇಕಾದ ಮೂರನೆಯದು ಎಕ್ಸಿಕ್ಯೂಟರ್, ಅಂದರೆ ಉಯಿಲಿನ ನಿರ್ವಾಹಕ. ಕರಡಿನಲ್ಲಿ ಇರುವುದು ಒಂದೇ ಮಾತು: “ಇದನ್ನೆಲ್ಲ ನನ್ನ ತಮ್ಮ ನೋಡಿಕೊಳ್ಳತಕ್ಕದ್ದು. ಉಳಿದ ಹಣವನ್ನು ಅವನಿಗೆ ಸರಿತೋರಿದ ಧರ್ಮಕ್ಕೆ ಉಪಯೋಗಿಸತಕ್ಕದ್ದು.” ನೇಮಕ ಸ್ಪಷ್ಟವಾಗಿ ಇರಬೇಕಿಲ್ಲ, ಅರ್ಥದಿಂದ ಹೊರಟರೂ ಸಾಕು ಎಂದು ಕಾನೂನು ಒಪ್ಪುತ್ತದೆ. ಆದರೆ ‘ನೋಡಿಕೊಳ್ಳು’ ಎಂಬುದನ್ನು ಮಕ್ಕಳು ಮೇಲ್ವಿಚಾರಣೆ ಎಂದುಕೊಳ್ಳುತ್ತಾರೆ, ಬ್ಯಾಂಕು ಏನೆಂದೂ ತಿಳಿಯುವುದಿಲ್ಲ. ಧರ್ಮದ ಮಾತಂತೂ ಹಳೆಯ ಗಾಯ. ಬರಿಯ ‘ಧರಮ್’ಗೆ ಎಂದು ಬಿಟ್ಟ ಆಸ್ತಿಯ ವಿಷಯದಲ್ಲಿ, ಅದು ಅನಿಶ್ಚಿತ, ಹಾಗಾಗಿ ಶೂನ್ಯ ಎಂದು ಪ್ರಿವಿ ಕೌನ್ಸಿಲ್ 1899ರಲ್ಲೇ ಹೇಳಿತು. ಒಳ್ಳೆಯ ಮನಸ್ಸಿನ ಎಷ್ಟೋ ಜನರ ಇಚ್ಛೆ ಈ ಒಂದು ಪದದಿಂದ ಕೈತಪ್ಪಿದೆ. ಇಂಥ ಶಾಲೆಯ ಮಕ್ಕಳ ಊಟಕ್ಕೆ, ಇಂಥ ಆಸ್ಪತ್ರೆಗೆ ಎಂದು ಹೆಸರು ಮತ್ತು ಮೊತ್ತ ಬರೆದರೆ ಉಳಿಯುತ್ತದೆ.

ಎಕ್ಸಿಕ್ಯೂಟರ್ ಮಾಡಬೇಕಾದ ಮೂಲಕೆಲಸಗಳನ್ನು ಅಧಿನಿಯಮವೇ ಹೇಳಿದೆ: ಸ್ವತ್ತು ಮತ್ತು ಬರಬೇಕಾದ ಬಾಕಿ ಕೂಡಿಸುವುದು, ಅಂತ್ಯಕ್ರಿಯೆಯ ಖರ್ಚು, ಸಾಲಗಳು, ಆಮೇಲೆ ಉಯಿಲಿನ ಹಂಚಿಕೆ. ಮರಣದಿಂದ ಒಂದು ವರ್ಷದವರೆಗೆ ಹಂಚಿಕೆ ಮಾಡಲೇಬೇಕೆಂಬ ಒತ್ತಾಯವಿಲ್ಲ. ಪ್ರೊಬೇಟ್ ಪಡೆದರೆ ಆರು ತಿಂಗಳಲ್ಲಿ ಸ್ವತ್ತಿನ ಪಟ್ಟಿ, ಒಂದು ವರ್ಷದಲ್ಲಿ ಲೆಕ್ಕ ಕೋರ್ಟಿಗೆ ಒಪ್ಪಿಸಬೇಕು. ಆದರೆ ಕರ್ನಾಟಕದಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯವಲ್ಲ, ಹೆಚ್ಚಿನವರು ಪಡೆಯುವುದೂ ಇಲ್ಲ. ಅಂದರೆ ಲೆಕ್ಕ ಕೇಳುವ ಕೋರ್ಟು ನಡುವೆ ಇರುವುದೇ ಇಲ್ಲ. ಆದ್ದರಿಂದ ಆ ಗಡುವುಗಳನ್ನು ಉಯಿಲಿನಲ್ಲೇ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಉದಾಹರಣೆಗೆ, ಮೂರು ತಿಂಗಳೊಳಗೆ ಸ್ವತ್ತು ಮತ್ತು ಸಾಲದ ಪಟ್ಟಿ ಎಲ್ಲ ಫಲಾನುಭವಿಗಳ ಕೈಗೆ, ಒಂದು ವರ್ಷದೊಳಗೆ ಹಂಚಿಕೆ, ಕೊನೆಗೆ ಲಿಖಿತ ಲೆಕ್ಕ.

ನಮ್ಮ ಶಿಕ್ಷಕರ ಮನೆಯ ಮೇಲೆ 6 ಲಕ್ಷ ರೂಪಾಯಿ ಸಾಲ ಬಾಕಿಯಿದೆ ಎಂದುಕೊಳ್ಳಿ. ಅಡಮಾನವಿರುವ ಸ್ವತ್ತನ್ನು ಹೆಸರಿಸಿ ಕೊಟ್ಟಾಗ, ಬೇರೆ ಇಚ್ಛೆ ಕಾಣದಿದ್ದರೆ, ಪಡೆಯುವವರು ಸಾಲದೊಡನೆಯೇ ಪಡೆಯುತ್ತಾರೆ. ಪಿಂಚಣಿಯನ್ನಷ್ಟೇ ನಂಬಿದ ಹೆಂಡತಿಯ ಮೇಲೆ ಆ ಕಂತು ಬೀಳುತ್ತದೆ. ಅದು ಬೇಡವಾದರೆ “ಗೃಹಸಾಲವನ್ನು ಎಕ್ಸಿಕ್ಯೂಟರ್ ಎರಡನೇ ಸೈಟನ್ನು ಮಾರಿ ಮೊದಲು ತೀರಿಸತಕ್ಕದ್ದು, ಮಾರುವ, ನೋಂದಣಿ ಮಾಡಿಕೊಡುವ ಅಧಿಕಾರ ಅವರಿಗಿದೆ, ಉಳಿದ ಹಣ ಮೂವರು ಮಕ್ಕಳಿಗೆ ಸಮನಾಗಿ” ಎಂದು ಬರೆಯಬೇಕು. ಮಾರುವ ಅಧಿಕಾರ ಕಾನೂನಿನಲ್ಲೂ ಇದೆ, ಆದರೆ ಪ್ರೊಬೇಟ್ ಇಲ್ಲದೆ ಬಂದ ಎಕ್ಸಿಕ್ಯೂಟರ್‌ನಿಂದ ಕೊಳ್ಳುವವರು ಹುಡುಕುವುದು ಉಯಿಲಿನ ಆ ಸಾಲನ್ನೇ. ತಮ್ಮ ಒಪ್ಪದಿದ್ದರೆ ಅಥವಾ ಮೊದಲೇ ತೀರಿಕೊಂಡರೆ ಯಾರು, ಓಡಾಟದ ಖರ್ಚು ಎಲ್ಲಿಂದ, ಸಂಭಾವನೆ ಇದೆಯೇ ಎಂಬ ಮೂರು ಪ್ರಶ್ನೆಗೂ ತಲಾ ಒಂದು ವಾಕ್ಯ ಸಾಕು. ಇಬ್ಬರನ್ನು ನೇಮಿಸಿದರೆ ಇಬ್ಬರೂ ಕೂಡಿಯೇ ಸಹಿ ಮಾಡಬೇಕೋ ಒಬ್ಬರು ಸಾಕೋ ಎಂಬುದನ್ನು ಹೇಳಿ. ಎಲ್ಲಕ್ಕಿಂತ ಮೊದಲು, ನೇಮಿಸುವ ಮುನ್ನ ಆ ತಮ್ಮನನ್ನೇ ಕೇಳಿ.

ತಿದ್ದುಪಡಿಗಳೆಲ್ಲ ಮುಗಿದ ಮೇಲೆ ಹೊಸದಾಗಿ ಟೈಪು ಮಾಡಿಸಿ ಸಹಿ ಹಾಕಬೇಕು. ಸಹಿಯಾದ ಮೇಲೆ ಪೆನ್ನಿನಿಂದ ಮಾಡಿದ ಬದಲಾವಣೆಗೆ, ಅದರ ಪಕ್ಕದಲ್ಲೇ ಬರೆದವರೂ ಸಾಕ್ಷಿಗಳೂ ಮತ್ತೆ ಸಹಿ ಹಾಕದಿದ್ದರೆ, 71ನೇ ಕಲಮಿನಂತೆ ಬೆಲೆಯಿಲ್ಲ. ಪ್ರತಿ ಪುಟಕ್ಕೂ ಸಂಖ್ಯೆ ಮತ್ತು ಸಹಿ ಇರಲಿ. ಮೂಲಪ್ರತಿಯನ್ನು ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ಠೇವಣಿ ಇಡಲು 1908ರ ನೋಂದಣಿ ಅಧಿನಿಯಮದಲ್ಲಿ ಅವಕಾಶವಿದೆ. ಮನೆಯ ಬೀರುವಿನಲ್ಲೇ ಇಟ್ಟರೂ ಸರಿ, ಅದು ಎಲ್ಲಿದೆ ಎಂಬುದನ್ನು ಎಕ್ಸಿಕ್ಯೂಟರ್‌ಗೆ ಸಹಿ ಮಾಡಿದ ದಿನವೇ ಹೇಳಿಬಿಡಿ.